ಒಂದೇ ಶೀಟಿನಲ್ಲಿ ಮೂರು ಬಣ್ಣದ ಧಾರೆ ಸೀರೆ

ಮದುವೆ ಆಲ್ಬಮ್ಮಿನ ಒಂದು ಶೀಟನ್ನು ಪೂರ್ತಿ ಬಿಡಿಸಿದರೆ 12 ಇಂಚು ಎತ್ತರ, 36 ಇಂಚು ಅಗಲ. ನಮ್ಮ ಕಡೆಯ ಸ್ಟುಡಿಯೋಗಳಲ್ಲಿ ತುಂಬ ಓಡುವ ಅಳತೆ ಇದು. ಅಷ್ಟಗಲದ ಶೀಟಿನಲ್ಲಿ ನಾಲ್ಕೈದು ಚಿತ್ರಗಳು ಕೂರುತ್ತವೆ. ಎಡತುದಿಯಲ್ಲಿ ಮದುಮಗಳು ಛತ್ರದ ಕೋಣೆಯಲ್ಲಿ ಕನ್ನಡಿಯ ಮುಂದೆ ನಿಂತಿದ್ದಾಳೆ. ನಡುವೆ ಧಾರೆ ಎರೆಯುವ ಚಿತ್ರ. ಬಲತುದಿಯಲ್ಲಿ ಛತ್ರದ ಹಿಂದಿನ ಮರದ ನೆರಳಿನಲ್ಲಿ ಗಂಡು ಹೆಣ್ಣು ಇಬ್ಬರೇ. ಒಂದೊಂದಾಗಿ ಕಂಪ್ಯೂಟರಿನಲ್ಲಿ ನೋಡಿದಾಗ ಮೂರೂ ಚೆಂದವಾಗಿದ್ದವು. ಶೀಟಿನ ಮೇಲೆ ಪಕ್ಕಪಕ್ಕ ಬಂದ ಕೂಡಲೇ ಎಡವಟ್ಟು ಕಣ್ಣಿಗೆ ಬೀಳುತ್ತದೆ. ಕೆನೆಬಣ್ಣದ ಧಾರೆ ಸೀರೆ ಕೋಣೆಯಲ್ಲಿ ತುಸು ಹಸಿರು, ಮಂಟಪದಲ್ಲಿ ಬೆಣ್ಣೆ ಕಾಯಿಸಿದಂಥ ಹಳದಿ, ಮರದಡಿಯಲ್ಲಿ ನೀಲಿಗೆ ತಿರುಗಿದ ಬಿಳಿ. ಅವಳ ಮುಖವಂತೂ ಮೂರು ಕಡೆ ಮೂವರು ಅಕ್ಕತಂಗಿಯರ ಮುಖದ ಹಾಗಿದೆ.

ಮನೆಯವರಿಗೆ ಇದರ ಕಾರಣ ಗೊತ್ತಾಗುವುದಿಲ್ಲ, ಆದರೆ ಏನೋ ಸರಿಯಿಲ್ಲ ಎಂಬುದು ಗೊತ್ತಾಗುತ್ತದೆ. ಸೀರೆ ಆರಿಸಲು ಅಂಗಡಿಯಲ್ಲಿ ಅರ್ಧ ದಿನ ಕೂತಿದ್ದವರು ಅವರು. ಆ ಕೆಂಪು ಅಂಚು ಕುಂಕುಮದ ಕೆಂಪೋ ದಾಳಿಂಬೆಯ ಕೆಂಪೋ ಎಂಬುದು ಅವರ ನೆನಪಿನಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ಮುಖದ ಬಣ್ಣವನ್ನಂತೂ ಅವರು ಹುಟ್ಟಿದಾಗಿನಿಂದ ನೋಡಿದ್ದಾರೆ.

ಮದುವೆ ನೋಡಲು ಬಂದವರಿಗೆ ಆವತ್ತು ಸೀರೆ ಬಣ್ಣ ಬದಲಿಸಿದಂತೆ ಕಾಣಲೇ ಇಲ್ಲ. ಕಣ್ಣು ಮತ್ತು ಮಿದುಳು ಸೇರಿ ಬೆಳಕಿನ ಬಣ್ಣವನ್ನು ಲೆಕ್ಕಕ್ಕೆ ತೆಗೆದುಕೊಂಡು ಅದನ್ನು ಕಳೆದುಬಿಡುತ್ತವೆ. ಹಳದಿ ಬಲ್ಬಿನ ಕೆಳಗೂ ಬಿಳಿ ಪಂಚೆ ಬಿಳಿಯಾಗಿಯೇ ಕಾಣುವುದು ಅದಕ್ಕೇ. ಕ್ಯಾಮೆರಾಕ್ಕೆ ಹಾಗೆ ಕಳೆಯಲು ಬರುವುದಿಲ್ಲ. ಬಟ್ಟೆಯಿಂದ ಹೊಮ್ಮಿ ಬಂದ ಬೆಳಕು ಎಷ್ಟೋ ಅಷ್ಟನ್ನೇ ಅದು ಬರೆದುಕೊಳ್ಳುತ್ತದೆ. ಈ ಕಳೆಯುವ ಕೆಲಸ ದಾರಿ ತಪ್ಪಿದರೆ ಏನಾಗುತ್ತದೆಂಬುದನ್ನು ಜಗತ್ತೆಲ್ಲ ನೋಡಿದ್ದು 2015ರ ಫೆಬ್ರುವರಿಯಲ್ಲಿ. ಸ್ಕಾಟ್ಲೆಂಡಿನ ಒಂದು ಮದುವೆಗಾಗಿ ಮದುಮಗಳ ತಾಯಿ ಕೊಂಡ ಉಡುಪಿನ ಚಿತ್ರ ಅಂತರ್ಜಾಲದಲ್ಲಿ ಹರಿದಾಡಿತು. ನೀಲಿ ಬಟ್ಟೆ, ಕಪ್ಪು ಕಸೂತಿಪಟ್ಟಿ ಎಂದು ಕೆಲವರು, ಬಿಳಿ ಬಟ್ಟೆ, ಚಿನ್ನದ ಪಟ್ಟಿ ಎಂದು ಕೆಲವರು. ಉಡುಪು ನಿಜಕ್ಕೂ ನೀಲಿ ಮತ್ತು ಕಪ್ಪು. ಆದರೆ ಆ ಚಿತ್ರದಲ್ಲಿ ಬೆಳಕು ಎಂಥದ್ದು ಎಂದು ಹೇಳುವ ಗುರುತು ಸಾಲದೆ ಒಬ್ಬೊಬ್ಬರ ಮಿದುಳು ಒಂದೊಂದು ಬೆಳಕನ್ನು ಊಹಿಸಿಕೊಂಡಿತ್ತು. ಆಲ್ಬಮ್ಮಿನ ಶೀಟು ನೋಡುವವರ ಪಾಡೂ ಹೀಗೆಯೇ. ಅಚ್ಚಾದ ಕಾಗದದ ಮೇಲೆ ಛತ್ರದ ಬಲ್ಬೂ ಇಲ್ಲ, ಕಿಟಕಿಯ ಬಿಸಿಲೂ ಇಲ್ಲ. ಬೆಳಕಿನ ಬಣ್ಣವನ್ನು ಕಳೆಯುವ ಹೊಣೆ ಪೂರ್ತಿ ಎಡಿಟರನದು.

ಇಲ್ಲಿ ಒಂದು ಮಾತನ್ನು ಮೊದಲೇ ಬಿಡಿಸಿ ಹೇಳಬೇಕು. ಎಲ್ಲ ಚಿತ್ರಕ್ಕೂ ಒಂದೇ ಸೆಟ್ಟಿಂಗ್ ಹಾಕಿದರೆ ಬಣ್ಣ ಒಂದೇ ಆಗುತ್ತದೆ ಎಂಬ ನಂಬಿಕೆ ಈ ಕಸುಬಿಗೆ ಹೊಸಬರಾದವರಲ್ಲಿ ಬಲವಾಗಿದೆ. ಆಗುವುದು ಅದರ ಉಲ್ಟಾ. ಬೆಳಕು ಬೇರೆಬೇರೆ ಇದ್ದುದರಿಂದ, ಸೀರೆ ಒಂದೇ ಕಾಣಬೇಕಾದರೆ ಸೆಟ್ಟಿಂಗ್ ಬೇರೆಬೇರೆ ಇರಲೇಬೇಕು. ಬದಲಾಗದೆ ನಿಲ್ಲಬೇಕಾದದ್ದು ಮುಖ ಮತ್ತು ಬಟ್ಟೆ. ಅವನ್ನು ನಿಲ್ಲಿಸಲು ಉಳಿದದ್ದೆಲ್ಲ ಅಲುಗಾಡಬೇಕು.

ಉದಾಹರಣೆಗೆ ಒಂದು ಮದುವೆಯನ್ನೇ ಹಿಡಿದು ನೋಡೋಣ. ಬೆಂಗಳೂರಿನ ಒಂದು ಹಳೆಯ ಛತ್ರ. ಹೆಣ್ಣಿಗೆ ಕೆನೆಬಣ್ಣದ, ಕೆಂಪಂಚಿನ ರೇಷ್ಮೆ ಧಾರೆ ಸೀರೆ. ಗಂಡಿಗೆ ಬಿಳಿ ಪಂಚೆ, ಶಲ್ಯ, ಮೈಸೂರು ಪೇಟ. ಸಂಜೆಯ ಆರತಕ್ಷತೆಗೆ ಅವಳಿಗೆ ಗಾಢ ಗುಲಾಬಿ ಸೀರೆ, ಅವನಿಗೆ ಕಪ್ಪು ಬಂದ್‌ಗಲಾ. ಕ್ಯಾಮೆರಾದವರು ಇಬ್ಬರು. ಒಬ್ಬರು ಸಾಲಾಗಿ ನಿಲ್ಲಿಸಿ ತೆಗೆಯುವ ಟ್ರೆಡಿಷನಲ್, ಇನ್ನೊಬ್ಬರು ಕ್ಯಾಂಡಿಡ್. ಇಬ್ಬರದೂ ಬೇರೆ ಕಂಪನಿಯ ಕ್ಯಾಮೆರಾ. ಎಡಿಟಿಂಗಿಗೆ ಲೈಟ್‌ರೂಮ್ ಎಂದಿಟ್ಟುಕೊಳ್ಳೋಣ, ನಮ್ಮಲ್ಲಿ ಬಹುಪಾಲು ಜನ ಬಳಸುವುದು ಅದನ್ನೇ. ಬೇರೆ ಸಾಫ್ಟ್‌ವೇರಿನಲ್ಲಿಯೂ ದಾರಿ ಬದಲಾಗುವುದಿಲ್ಲ.

ಬೆಳಕಿನ ಬಣ್ಣವನ್ನು ಕೆಲ್ವಿನ್ ಎಂಬ ಮಾನದಲ್ಲಿ ಅಳೆಯುತ್ತಾರೆ. ದೀಪದ ಕುಡಿ, ಹೋಮದ ಬೆಂಕಿ ಸುಮಾರು 1900. ಮಂಟಪದ ಹ್ಯಾಲೊಜನ್ ದೀಪ 3200ರ ಆಸುಪಾಸು. ನಡುಹಗಲ ಬಿಸಿಲು ಮತ್ತು ಕ್ಯಾಮೆರಾದ ಫ್ಲ್ಯಾಶು 5500. ಮರದ ನೆರಳಿಗೆ ಬೀಳುವುದು ಸೂರ್ಯನ ಬೆಳಕಿಗಿಂತ ಹೆಚ್ಚಾಗಿ ನೀಲಿ ಆಕಾಶದ ಬೆಳಕಾದ್ದರಿಂದ ಅಲ್ಲಿ 7000 ದಾಟುತ್ತದೆ. ಅಂಕಿ ಕಡಿಮೆಯಾದಷ್ಟೂ ಬೆಳಕು ಕೆಂಪು-ಹಳದಿ, ಹೆಚ್ಚಾದಷ್ಟೂ ನೀಲಿ. ಇಷ್ಟೇ ಆಗಿದ್ದರೆ ಕೆಲಸ ಸುಲಭವಿತ್ತು. ಟ್ಯೂಬ್‌ಲೈಟು ಮತ್ತು ಅಗ್ಗದ ಎಲ್‌ಇಡಿಗಳಿಗೆ ಇನ್ನೊಂದು ದೋಷವಿದೆ, ಅವುಗಳ ಬೆಳಕಿನಲ್ಲಿ ಹಸಿರು ಹೆಚ್ಚು. ಅದಕ್ಕಾಗಿಯೇ ವೈಟ್ ಬ್ಯಾಲೆನ್ಸಿಗೆ ಎರಡು ಪಟ್ಟಿಗಳಿವೆ. `Temp` ನೀಲಿ-ಹಳದಿಯನ್ನು ಸರಿದೂಗಿಸುತ್ತದೆ, `Tint` ಹಸಿರು-ನೇರಳೆಯನ್ನು. ಮುಖ ಕಾಯಿಲೆ ಬಿದ್ದವರ ಹಾಗೆ ಕಂಡರೆ ತಪ್ಪು ಇರುವುದು ಸಾಮಾನ್ಯವಾಗಿ ಎರಡನೆಯದರಲ್ಲಿ. ಹೊಸಬರು ಮಾತ್ರ ಮೊದಲನೆಯದನ್ನೇ ಎಳೆಯುತ್ತ ಕೂರುತ್ತಾರೆ.

ಕ್ಯಾಮೆರಾದ ಆಟೋ ವೈಟ್ ಬ್ಯಾಲೆನ್ಸ್ ಇದನ್ನೆಲ್ಲ ತಾನೇ ಮಾಡುವುದಿಲ್ಲವೇ? ಮಾಡುತ್ತದೆ, ಆದರೆ ಚೌಕಟ್ಟಿನೊಳಗೆ ಏನಿದೆ ಎಂಬುದನ್ನು ನೋಡಿ ಪ್ರತಿ ಸಲವೂ ಹೊಸದಾಗಿ ಊಹಿಸುತ್ತದೆ. ಮಂಟಪದ ಪೂರ್ತಿ ಚಿತ್ರ ತೆಗೆದಾಗ 3600 ಎನ್ನುತ್ತದೆ. ಮರುಕ್ಷಣ ಸೀರೆಯ ಕೆಂಪಂಚು, ಮೆಹಂದಿಯ ಕೈ, ತೆಂಗಿನಕಾಯಿ ಮಾತ್ರ ತುಂಬಿದ ಹತ್ತಿರದ ಚಿತ್ರ ತೆಗೆದರೆ, ಇಷ್ಟೊಂದು ಕೆಂಪು ಬೆಳಕಿನದೇ ಇರಬೇಕೆಂದು ತಿಳಿದು ಅದನ್ನು ಕಳೆಯಲು ಹೋಗಿ ನೀಲಿ ಸುರಿಯುತ್ತದೆ. ಒಂದೇ ದೀಪದಡಿ, ಎರಡು ಸೆಕೆಂಡಿನ ಅಂತರದಲ್ಲಿ ತೆಗೆದ ಎರಡು ಚಿತ್ರದ ಸೀರೆ ಬೇರೆಯಾಗುವುದು ಹೀಗೆ. ಪುಣ್ಯಕ್ಕೆ ರಾ ಫೈಲಿನಲ್ಲಿ ಈ ಊಹೆ ಒಂದು ಟಿಪ್ಪಣಿಯಾಗಿ ಮಾತ್ರ ಇರುತ್ತದೆ, ಚಿತ್ರದೊಳಗೆ ಬೆರೆತಿರುವುದಿಲ್ಲ. ಆಮೇಲೆ ಬದಲಿಸಿದರೆ ನಷ್ಟವಿಲ್ಲ. ಜೆಪೆಗ್‌ನಲ್ಲಿ ತೆಗೆದಿದ್ದರೆ ಊಹೆ ಬಣ್ಣಕ್ಕೇ ಬೆರೆತುಹೋಗಿರುತ್ತದೆ. ಸ್ವಲ್ಪ ತಿದ್ದಬಹುದು, ಆದರೆ ಹ್ಯಾಲೊಜನ್ನಿನಲ್ಲಿ ಹಾಳಾದ ಚರ್ಮದ ಬಣ್ಣ ಪೂರ್ತಿ ಮರಳುವುದಿಲ್ಲ.

ಕೆಲಸ ಶುರುವಾಗುವುದು ಬಣ್ಣದಿಂದಲ್ಲ, ಗಡಿಯಾರದಿಂದ. ಎರಡು ಕ್ಯಾಮೆರಾಗಳ ಸಮಯವನ್ನು ಹೊಂದಿಸಿ ಎಲ್ಲ ಚಿತ್ರಗಳನ್ನೂ ಒಂದೇ ಸಾಲಿನಲ್ಲಿ ಹೊತ್ತಿನ ಪ್ರಕಾರ ಜೋಡಿಸಬೇಕು. ಆಗ ಧಾರೆಯ ಗಳಿಗೆಯನ್ನು ಇಬ್ಬರೂ ತೆಗೆದದ್ದು ಅಕ್ಕಪಕ್ಕ ಬರುತ್ತದೆ, ಯಾರದು ಕೆಂಪು, ಯಾರದು ಹಳದಿ ಎಂಬುದು ತಾನಾಗಿ ಬಯಲಾಗುತ್ತದೆ. ಬೇರೆ ಕಂಪನಿಯ ಕ್ಯಾಮೆರಾಗಳು ಒಂದೇ ಬೆಳಕಿನಲ್ಲಿಯೂ ಬಣ್ಣವನ್ನು ಬೇರೆಯಾಗಿ ಕಾಣುತ್ತವೆ. ಸೆನ್ಸರಿನ ಮೇಲಿನ ಕೆಂಪು, ಹಸಿರು, ನೀಲಿ ಸೋಸುಗಳು ಕಂಪನಿಯಿಂದ ಕಂಪನಿಗೆ ಬೇರೆ. ಇದಕ್ಕೆ ಮದ್ದು 24 ಬಣ್ಣದ ಚೌಕಗಳಿರುವ ಕಲರ್ ಚೆಕರ್ ಎಂಬ ಪುಟ್ಟ ಹಲಗೆ. 1976ರಲ್ಲಿ ಬಂದದ್ದು ಇವತ್ತಿಗೂ ಅದೇ ರೂಪದಲ್ಲಿದೆ. ಅದರ ಮೊದಲ ಎರಡು ಚೌಕಗಳು ಮನುಷ್ಯರ ಚರ್ಮದ ಬಣ್ಣವೇ, ಒಂದು ಗಾಢ, ಒಂದು ತಿಳಿ. ಮದುವೆಗೆ ಮುಂಚೆ ಎರಡೂ ಕ್ಯಾಮೆರಾದಲ್ಲಿ ಒಂದೇ ಬೆಳಕಿನಲ್ಲಿ ಆ ಹಲಗೆಯ ಚಿತ್ರ ತೆಗೆದುಕೊಂಡರೆ, ಅದರ ಜೊತೆ ಬರುವ ಸಾಫ್ಟ್‌ವೇರ್ ಎರಡಕ್ಕೂ ಪ್ರೊಫೈಲ್ ಮಾಡಿಕೊಡುತ್ತದೆ. ಪ್ರೊಫೈಲ್ ಹಾಕಿದ ಮೇಲೆ ಎರಡು ಕ್ಯಾಮೆರಾಗಳ ಜಗಳ ಬಹುಪಾಲು ಮುಗಿಯುತ್ತದೆ. ಪೂರ್ತಿ ಅಲ್ಲ, ಆದರೆ ಉಳಿದದ್ದನ್ನು ಕೈಯಲ್ಲಿ ತಿದ್ದುವುದು ಸಾಧ್ಯವಾಗುವಷ್ಟು.

ಆಮೇಲೆ ಇಡೀ ದಿನವನ್ನು ಬೆಳಕಿನ ಪ್ರಕಾರ ಕಡಿಯುವುದು. ಶಾಸ್ತ್ರದ ಪ್ರಕಾರ ಅಲ್ಲ ಎಂಬುದು ಗಮನಿಸಬೇಕಾದ ಮಾತು. ಕಾಶಿಯಾತ್ರೆ ಒಂದೇ ಶಾಸ್ತ್ರ, ಆದರೆ ಛತ್ರದ ಒಳಗೆ ಹೊರಟು ಬಾಗಿಲ ಬಿಸಿಲಿಗೆ ಬರುವಷ್ಟರಲ್ಲಿ ಎರಡು ಬೆಳಕನ್ನು ದಾಟಿರುತ್ತದೆ. ನಮ್ಮ ಉದಾಹರಣೆಯ ಬೆಳಗಿನ ಭಾಗಕ್ಕೆ ಮೂರು ದೊಡ್ಡ ಗುಂಪು: ಕೋಣೆಯ ಟ್ಯೂಬ್‌ಲೈಟು, ಮಂಟಪದ ಹ್ಯಾಲೊಜನ್, ಹೊರಗಿನ ನೆರಳು. ಪ್ರತಿ ಗುಂಪಿನಿಂದ ಒಂದೊಂದು ಮೂಲಚಿತ್ರ ಆರಿಸಬೇಕು. ಚಂದದ ಚಿತ್ರವೇ ಆಗಬೇಕೆಂದಿಲ್ಲ. ಮದುಮಗಳ ಮುಖ ಬೆಳಕಿಗೆ ನೇರವಾಗಿರಬೇಕು, ಸೀರೆ ಕಾಣಬೇಕು, ಬೂದು ಅಥವಾ ಬಿಳಿ ಎಂದು ನಂಬಬಹುದಾದ ಏನಾದರೂ ಚೌಕಟ್ಟಿನಲ್ಲಿರಬೇಕು.

ಆ ಕೊನೆಯದರಲ್ಲಿಯೇ ಮೋಸವಿದೆ. ವೈಟ್ ಬ್ಯಾಲೆನ್ಸಿನ ಡ್ರಾಪರನ್ನು ಬಿಳಿಯಾಗಿ ಕಂಡ ಜಾಗದ ಮೇಲೆ ಒತ್ತಿದರೆ ಸಾಫ್ಟ್‌ವೇರ್ ಆ ಜಾಗವನ್ನು ಬಣ್ಣವಿಲ್ಲದ್ದು ಎಂದು ಸಾರಿಬಿಡುತ್ತದೆ. ಧಾರೆ ಸೀರೆ ಬಿಳಿಯಲ್ಲ, ಕೆನೆ. ಅದರ ಮೇಲೆ ಒತ್ತಿದರೆ ರೇಷ್ಮೆಯ ಹಳದಿ ಅಳಿಯುವಷ್ಟು ನೀಲಿ ಇಡೀ ಚಿತ್ರಕ್ಕೆ ಹರಿಯುತ್ತದೆ, ಮುಖ ಸಪ್ಪೆಯಾಗುತ್ತದೆ. ಹಾಗಾದರೆ ಗಂಡಿನ ಪಂಚೆ? ಅದೂ ಕೈಕೊಡುತ್ತದೆ. ಬಿಳಿ ಹತ್ತಿಬಟ್ಟೆಗೂ ಅದನ್ನು ಒಗೆಯುವ ಪುಡಿಗೂ ಹೊಳಪಿನ ರಾಸಾಯನಿಕ ಬೆರೆಸಿರುತ್ತಾರೆ. ಅದು ಬಿಸಿಲಿನ ಅತಿನೇರಳೆ ಕಿರಣವನ್ನು ಹೀರಿ ನೀಲಿಯಾಗಿ ಹೊರಗೆ ಬಿಡುತ್ತದೆ. ಹೊರಗಡೆ ಪಂಚೆಯ ಮೇಲೆ ಒತ್ತಿದರೆ ಆ ನೀಲಿಯನ್ನು ಕಳೆಯಲು ಹೋಗಿ ಮುಖ ಹಳದಿಯಾಗುತ್ತದೆ. ಹ್ಯಾಲೊಜನ್ನಿನಲ್ಲಿ ಅತಿನೇರಳೆ ಕಿರಣ ತೀರ ಕಡಿಮೆ, ಅಲ್ಲಿ ಅದೇ ಪಂಚೆ ಸಾಧುವಾಗಿರುತ್ತದೆ. ನಂಬಬಹುದಾದದ್ದು ಬೂದು ಬಣ್ಣದ ಗ್ರೇ ಕಾರ್ಡ್. ಬೆಳಕು ಬದಲಾದಾಗಲೆಲ್ಲ ಒಂದು ಚಿತ್ರದಲ್ಲಿ ಅದನ್ನು ಯಾರಾದರೂ ಹಿಡಿದು ನಿಂತರೆ ಸಾಕು. ಎಡಿಟರನಿಗೆ ಗಂಟೆಗಟ್ಟಲೆ ಕೆಲಸ ಉಳಿಯುತ್ತದೆ. ಧಾರೆಯ ಹೊತ್ತಿಗೆ ಪುರೋಹಿತರ ಮುಂದೆ ಕಾರ್ಡ್ ಹಿಡಿಯಲು ಆಗುವುದಿಲ್ಲ ನಿಜ. ಮಂಟಪ ಖಾಲಿಯಿದ್ದಾಗಲೇ, ದೀಪಗಳನ್ನೆಲ್ಲ ಹಾಕಿಸಿ ತೆಗೆದುಕೊಂಡರಾಯಿತು.

ಇನ್ನೊಂದು ಗುರುತು ಮನೆಯವರ ಹತ್ತಿರವೇ ಇರುತ್ತದೆ: ರವಿಕೆ ಹೊಲಿದು ಮಿಕ್ಕ ತುಂಡು. ಎರಡು ಬೆರಳಗಲ ಇದ್ದರೂ ಸಾಕು. ಎಡಿಟರನ ಮೇಜಿನ ಮೇಲೆ ಆ ತುಂಡು ಇದ್ದರೆ, ಕೆಂಪು ಎಷ್ಟು ಕೆಂಪು ಎಂಬ ವಾದಕ್ಕೆ ಜಾಗವೇ ಇಲ್ಲ. ಕೇಳಿದರೆ ಯಾರೂ ಇಲ್ಲವೆನ್ನುವುದಿಲ್ಲ, ಆದರೆ ಕೇಳುವವರೇ ಕಡಿಮೆ.

ಈಗ ಮೂರು ಮೂಲಚಿತ್ರಗಳನ್ನು ಒಂದೊಂದಾಗಿ ತೆರೆದು, ಮದುಮಗಳ ಕೆನ್ನೆಯ ಮೇಲೆ ಮೌಸ್ ಇಟ್ಟರೆ ಲೈಟ್‌ರೂಮ್ ಕೆಂಪು, ಹಸಿರು, ನೀಲಿಯ ಪ್ರಮಾಣವನ್ನು ಶೇಕಡಾವಾರು ತೋರಿಸುತ್ತದೆ. ಎಣ್ಣೆಗೆಂಪು ಮೈಬಣ್ಣದ ಹುಡುಗಿಯೆಂದು ಇಟ್ಟುಕೊಂಡರೆ ತಿದ್ದುವ ಮುಂಚೆ ಅಂಕಿಗಳು ಹೀಗಿರಬಹುದು. ಕೋಣೆಯಲ್ಲಿ 57, 55, 42. ಮಂಟಪದಲ್ಲಿ 66, 55, 35. ನೆರಳಿನಲ್ಲಿ 58, 54, 49. ಮನುಷ್ಯರ ಚರ್ಮದ ಬಣ್ಣ ಬರುವುದು ಮುಖ್ಯವಾಗಿ ಮೆಲನಿನ್ ಮತ್ತು ರಕ್ತದಿಂದ. ಆದ್ದರಿಂದ ತಿಳಿಯಿರಲಿ ಗಾಢವಿರಲಿ, ಒಳ್ಳೆಯ ಬೆಳಕಿನಲ್ಲಿ ಈ ಮೂರರ ಕ್ರಮ ಮಾತ್ರ ಒಂದೇ: ಕೆಂಪು ಮೇಲೆ, ಹಸಿರು ನಡುವೆ, ನೀಲಿ ಕೆಳಗೆ. ಬದಲಾಗುವುದು ಅವುಗಳ ನಡುವಿನ ಅಂತರ. ಕೋಣೆಯ ಚಿತ್ರದಲ್ಲಿ ಹಸಿರು ಕೆಂಪನ್ನು ಮುಟ್ಟುವಷ್ಟು ಹತ್ತಿರ ಬಂದಿದೆ, ಮುಖ ಹಸಿರುಗಟ್ಟಿದ್ದಕ್ಕೆ ಅದೇ ಸಾಕ್ಷಿ. ಮಂಟಪದಲ್ಲಿ ನೀಲಿ ಪಾತಾಳಕ್ಕಿಳಿದಿದೆ. ನೆರಳಿನಲ್ಲಿ ನೀಲಿ ಏರಿ ಹಸಿರಿನ ಹತ್ತಿರ ಕೂತಿದೆ.

ಗ್ರೇ ಕಾರ್ಡಿನಿಂದ ವೈಟ್ ಬ್ಯಾಲೆನ್ಸ್ ಹಿಡಿದ ಮೇಲೆ ಮೂರೂ ಕಡೆ ಕೆನ್ನೆ 61, 54, 43ರ ಸುತ್ತ ಬಂದು ನಿಂತರೆ ದಾರಿ ಸರಿಯಿದೆ. ಕರಾರುವಾಕ್ಕಾಗಿ ಒಂದೇ ಬರಬೇಕಿಲ್ಲ, ಒಂದೆರಡು ಅಂಕಿ ಆಚೀಚೆ ಕಣ್ಣಿಗೆ ತಿಳಿಯುವುದಿಲ್ಲ. ಈ ಅಂಕಿಗಳು ಆ ಹುಡುಗಿಯದು ಮಾತ್ರ ಎಂಬುದನ್ನೂ ಮರೆಯಬಾರದು. ಅವಳ ಪಕ್ಕದ ಗಂಡಿನ ಅಂಕಿ ಬೇರೆ, ಅಜ್ಜಿಯದು ಇನ್ನೂ ಬೇರೆ. ಎಲ್ಲರನ್ನೂ ಒಂದೇ ಅಂಕಿಗೆ ಎಳೆದರೆ ಬಣ್ಣ ಸಮವಾಗುತ್ತದೆ, ಮನುಷ್ಯರು ಸುಳ್ಳಾಗುತ್ತಾರೆ.

ಬಣ್ಣಕ್ಕೆ ಕೈಹಾಕುವ ಮುಂಚೆ ಹೊಳಪು ಸಮವಾಗಿರಬೇಕು. ಇದು ತಲೆಕೆಳಗಾದರೆ ಮಾಡಿದ ಕೆಲಸವೆಲ್ಲ ಮತ್ತೆ ಮಾಡಬೇಕಾಗುತ್ತದೆ. ಕಾರಣ ಹೀಗಿದೆ. ಚಿತ್ರಕ್ಕೆ ಬೆಳಕು ಹೆಚ್ಚಾಗುತ್ತ ಹೋದಂತೆ ಕೆನ್ನೆಯ ಮೂರು ಬಣ್ಣಗಳಲ್ಲಿ ಎಲ್ಲಕ್ಕಿಂತ ಮೇಲಿರುವ ಕೆಂಪು ಮೊದಲು ಮಿತಿ ಮುಟ್ಟಿ ಅಲ್ಲಿಯೇ ನಿಲ್ಲುತ್ತದೆ. ಹಸಿರು ಇನ್ನೂ ಏರುತ್ತಿರುತ್ತದೆ. ಕೆಂಪಿಗೆ ಹಸಿರು ಸೇರಿದರೆ ಹಳದಿ. ಹಾಗಾಗಿ ಹೆಚ್ಚು ಬೆಳಕಿನ ಚಿತ್ರದಲ್ಲಿ ಮೂಗಿನ ತುದಿ, ಹಣೆ ಹಳದಿಗೆ ತಿರುಗುತ್ತವೆ. ಕಡಿಮೆ ಬೆಳಕಿನದರಲ್ಲಿ ಅದೇ ಮುಖ ಇಟ್ಟಿಗೆಗೆಂಪು. ಇದನ್ನು ವೈಟ್ ಬ್ಯಾಲೆನ್ಸಿನ ತಪ್ಪೆಂದು ತಿಳಿದು ತಿದ್ದಲು ಹೋದರೆ ಸೀರೆ ಕೆಡುತ್ತದೆ. ಒಂದೇ ದೀಪದಡಿ ತೆಗೆದ ಚಿತ್ರಗಳಿಗೆ ಲೈಟ್‌ರೂಮಿನಲ್ಲಿ `Match Total Exposures` ಎಂಬ ಆಜ್ಞೆಯಿದೆ. ಮೂಲಚಿತ್ರದ ಷಟರ್, ಅಪರ್ಚರ್, ಐಎಸ್‌ಒ ಲೆಕ್ಕ ಹಾಕಿ ಉಳಿದವನ್ನು ಅದರ ಮಟ್ಟಕ್ಕೆ ತರುತ್ತದೆ. ಫ್ಲ್ಯಾಶ್ ಎಷ್ಟು ಹೊಡೆಯಿತೆಂಬುದು ಈ ಲೆಕ್ಕಕ್ಕೆ ಬರುವುದಿಲ್ಲ. ಫ್ಲ್ಯಾಶಿನ ಚಿತ್ರಗಳನ್ನು ಕಣ್ಣಿನಿಂದಲೇ ಹೊಂದಿಸಬೇಕು. ಹೊಳಪು ಸಮವಾದ ಮೇಲೆ ಮೂಲಚಿತ್ರದ `Temp`, `Tint`, ಪ್ರೊಫೈಲುಗಳನ್ನು `Sync` ಒತ್ತಿ ಆ ಗುಂಪಿಗೆ ಮಾತ್ರ ಹಂಚುವುದು. ಬೇರೆ ಕ್ಯಾಮೆರಾದ ಚಿತ್ರಗಳಿಗೆ ಅವುಗಳದೇ ಮೂಲಚಿತ್ರದಿಂದ.

ಇಷ್ಟಾದ ಮೇಲೂ ಗುಂಪಿನೊಳಗೆ ಹಟ ಮಾಡುವ ಚಿತ್ರಗಳು ಉಳಿಯುತ್ತವೆ. ಕೋಣೆಯ ಚಿತ್ರಗಳಲ್ಲಿ ಹೆಚ್ಚು. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಆವರ್ತ ಪೂರೈಸುತ್ತದೆ, ಹಳೆಯ ಟ್ಯೂಬ್‌ಲೈಟು ಮತ್ತು ಅಗ್ಗದ ಎಲ್‌ಇಡಿ ಅದರ ಎರಡರಷ್ಟು, ಅಂದರೆ 100 ಸಲ ಮಿನುಗುತ್ತವೆ. ಕಣ್ಣಿಗೆ ಕಾಣದು. ಕ್ಯಾಮೆರಾದ ಷಟರ್ 1/500 ಸೆಕೆಂಡು ಮಾತ್ರ ತೆರೆದಿದ್ದರೆ ಆ ಮಿನುಗಿನ ಒಂದು ಚೂರು ಮಾತ್ರ ಸಿಗುತ್ತದೆ. ಮಿನುಗಿನ ನೆತ್ತಿಯಲ್ಲಿ ಸಿಕ್ಕ ಚಿತ್ರ ಬೆಳ್ಳಗೆ, ಇಳಿಜಾರಿನಲ್ಲಿ ಸಿಕ್ಕದ್ದು ಕಂದು. ಸರಸರನೆ ತೆಗೆದ ಐದು ಚಿತ್ರದಲ್ಲಿ ಐದು ಬಣ್ಣ ಬರುವುದು ಹೀಗೆ, ಹಂಚಿದ ಸೆಟ್ಟಿಂಗ್ ಇದಕ್ಕೆ ಉಪಯೋಗವಿಲ್ಲ. ತೆಗೆಯುವಾಗಲೇ 1/100 ಅಥವಾ 1/50 ಇಟ್ಟುಕೊಂಡಿದ್ದರೆ ಒಂದೋ ಎರಡೋ ಪೂರ್ತಿ ಮಿನುಗು ದಾಖಲಾಗಿ ಚಿತ್ರಗಳು ಹೊಂದಿಕೊಳ್ಳುತ್ತಿದ್ದವು. ಈಗ ಒಂದೊಂದನ್ನೇ ತಿದ್ದುವುದು, ಇಲ್ಲವೇ ಐದರಲ್ಲಿ ಒಂದನ್ನು ಇಟ್ಟುಕೊಂಡು ನಾಲ್ಕನ್ನು ಬಿಡುವುದು. ಬಿಡುವುದೇ ಲೇಸು.

ವೈಟ್ ಬ್ಯಾಲೆನ್ಸ್ ಮುಗಿದ ಮೇಲೆ ಬರುವುದು ಲುಕ್, ಅಂದರೆ ಗ್ರೇಡಿಂಗ್. ಆಲ್ಬಮ್ಮಿಗೆಲ್ಲ ಒಂದು ಮೆತ್ತನೆಯ ಬೆಚ್ಚನೆಯ ಛಾಯೆ ಬೇಕೆನ್ನುವವರು ಈಗ ಹೆಚ್ಚು, ಕಾಸು ಕೊಟ್ಟರೆ ಪ್ರಿಸೆಟ್‌ಗಳ ಮೂಟೆಯೇ ಸಿಗುತ್ತದೆ. ಪ್ರಿಸೆಟ್ಟಿನ ತೊಂದರೆ ಏನೆಂದರೆ, ಅವುಗಳಲ್ಲಿ ಬಹಳಷ್ಟು ಬಿಳಿ ಗೌನು, ಕಪ್ಪು ಸೂಟು, ಹಸಿರು ಹುಲ್ಲಿನ ಮದುವೆಗೆ ಹದ ಮಾಡಿದವು. ಚರ್ಮ ತಿಳಿಯಾಗಲೆಂದು ಕಿತ್ತಳೆಯ ತೀವ್ರತೆ ಇಳಿಸಿ ಹೊಳಪು ಏರಿಸುತ್ತವೆ. ಬಿಳಿ ಗೌನಿನಲ್ಲಿ ಕಿತ್ತಳೆ ಇಲ್ಲ, ಅಲ್ಲಿ ಅಪಾಯವಿಲ್ಲ. ನಮ್ಮ ಮಂಟಪದಲ್ಲಿ ಚರ್ಮದ ಜೊತೆಗೆ ಕಿತ್ತಳೆ-ಹಳದಿಯ ಸೀಮೆಯಲ್ಲಿ ಇರುವುದು ಸೀರೆಯ ಜರಿ, ಮೈಮೇಲಿನ ಚಿನ್ನ, ಚೆಂಡು ಹೂವು, ಅರಿಶಿನದ ಕೊಂಬು ಕಟ್ಟಿದ ಕಂಕಣ. ಒಂದು ಪಟ್ಟಿ ಎಳೆದರೆ ಇಷ್ಟೂ ಒಟ್ಟಿಗೆ ಅಲುಗುತ್ತವೆ. ಚಿನ್ನ ಹಿತ್ತಾಳೆಯಾಗುತ್ತದೆ, ಚೆಂಡು ಹೂವು ಬಾಡಿದಂತಾಗುತ್ತದೆ. ಚರ್ಮಕ್ಕೆ ಮಾತ್ರ ಏನಾದರೂ ಬೇಕಿದ್ದರೆ ಮುಖ, ಕತ್ತು, ಕೈಗಳಿಗೆ ಮಾಸ್ಕ್ ಹಾಕಿ ಅದರೊಳಗೆ ಮಾತ್ರ ಬದಲಿಸುವುದೊಂದೇ ದಾರಿ. ಲುಕ್ ಏನೇ ಇರಲಿ, ತಿದ್ದಿದ ಮೇಲೆ ಹಾಕಬೇಕು, ಅಳತೆ ಎಲ್ಲ ಗುಂಪಿಗೂ ಒಂದೇ ಇರಬೇಕು. ಅಡಿಪಾಯ ಸಮವಾಗಿದ್ದರೆ ಮೇಲಿನ ಛಾಯೆಯೂ ಸಮವಾಗಿ ಕೂರುತ್ತದೆ.

ಮಾಸ್ಕ್ ಬೇಕಾಗುವ ಇನ್ನೊಂದು ಜಾಗ ಗಲ್ಲದ ಕೆಳಗೆ. ಸಂಜೆಯ ಗಾಢ ಗುಲಾಬಿ ಸೀರೆಗೆ ಮೇಲಿನಿಂದ ಬೆಳಕು ಬಿದ್ದಾಗ ಅದು ಗುಲಾಬಿ ಬೆಳಕನ್ನು ಮೇಲಕ್ಕೆ ಎಸೆಯುತ್ತದೆ. ಕೆನ್ನೆ ಸರಿಯಿದೆ, ಕತ್ತು ಮಾತ್ರ ಬೇರೆಯವರದು. ಕೇಸರಿ ಬಟ್ಟೆಯ ಚಪ್ಪರದ ಕೆಳಗೆ ನಿಂತವರಿಗೆ ತಲೆಯ ಮೇಲಿನಿಂದ ಇದೇ ಆಗುತ್ತದೆ. ಕತ್ತಿಗೆ ಮೆತ್ತಗೆ ಮಾಸ್ಕ್ ಹಾಕಿ ಅಷ್ಟು ಬಣ್ಣ ಇಳಿಸಬಹುದು. ಪೂರ್ತಿ ಅಳಿಸಬಾರದು, ಸ್ವಲ್ಪ ಉಳಿದರೇ ನಿಜವೆನಿಸುತ್ತದೆ. ಹಿಂದಿನ ದಿನದ ಅರಿಶಿನ ಶಾಸ್ತ್ರದ ಚಿತ್ರಗಳಿಗಂತೂ ಈ ವಿವೇಕ ಇನ್ನೂ ಹೆಚ್ಚು ಬೇಕು. ಅಲ್ಲಿ ಮುಖ ಹಳದಿಯಾಗಿರುವುದು ಬೆಳಕಿನಿಂದಲ್ಲ, ಅರಿಶಿನದಿಂದ. ಕೆನ್ನೆಯ ಅಂಕಿ ನೋಡಿ ತಿದ್ದಿದರೆ ಶಾಸ್ತ್ರವೇ ತೊಳೆದುಹೋಗುತ್ತದೆ. ಅಲ್ಲಿ ಅರಿಶಿನ ಹಚ್ಚದ ಯಾರದಾದರೂ ಮುಖವನ್ನು ಅಳತೆಗೆ ಇಟ್ಟುಕೊಳ್ಳಬೇಕು.

"ಹುಡುಗೀನ ಸ್ವಲ್ಪ ಬೆಳ್ಳಗೆ ಮಾಡಿಕೊಡಿ ಸರ್" ಎಂಬ ಮಾತು ಕೇಳದ ಸ್ಟುಡಿಯೋ ಇಲ್ಲ. ಆಲ್ಬಮ್ಮಿನ ಬಣ್ಣ ಚೆದುರುವುದಕ್ಕೆ ಇದರಷ್ಟು ದೊಡ್ಡ ಕಾರಣ ಇನ್ನೊಂದಿಲ್ಲ. ಬಿಳುಪಿಗೆ ಅಳತೆಗೋಲಿಲ್ಲ. ಎಡಿಟರ್ ಒಂಟಿ ಚಿತ್ರದಲ್ಲಿ ಒಂದಿಷ್ಟು ಏರಿಸುತ್ತಾನೆ, ಗುಂಪಿನ ಚಿತ್ರದಲ್ಲಿ ಇನ್ನೊಂದಿಷ್ಟು, ತಾಯಿಯ ಪಕ್ಕ ನಿಂತದ್ದರಲ್ಲಿ ತಾಯಿಯೂ ಜೊತೆಗೆ ಬೆಳ್ಳಗಾಗುತ್ತಾಳೆ. ಮುಖಕ್ಕೆ ಹಾಕಿದ್ದು ಕೈಗೆ ತಲುಪಿರುವುದಿಲ್ಲ, ತಾಳಿ ಕಟ್ಟುವ ಚಿತ್ರದಲ್ಲಿ ಒಬ್ಬಳ ಮುಖಕ್ಕೆ ಇನ್ನೊಬ್ಬಳ ಕೈ. ನಿಜವಾದ ಬಣ್ಣಕ್ಕೆ ಒಂದೇ ನೆಲೆಯಿದೆ. ಅದನ್ನು ಬಿಟ್ಟು ಹೊರಟರೆ ಎಲ್ಲಿ ನಿಲ್ಲಬೇಕೆಂದು ಯಾರಿಗೂ ಗೊತ್ತಿರುವುದಿಲ್ಲ. ಈ ಒಲವು ಯಂತ್ರದೊಳಗೂ ಇತ್ತು. ಫಿಲ್ಮಿನ ಕಾಲದಲ್ಲಿ ಲ್ಯಾಬುಗಳು ಪ್ರಿಂಟಿನ ಬಣ್ಣ ಹೊಂದಿಸಿಕೊಳ್ಳಲು ಕೊಡಾಕ್ ಕಂಪನಿ ಕಳಿಸುತ್ತಿದ್ದ ಶರ್ಲಿ ಕಾರ್ಡ್ ಎಂಬ ಮಾದರಿಯಲ್ಲಿ ದಶಕಗಳ ಕಾಲ ಇದ್ದದ್ದು ಬಿಳಿಯ ಹೆಂಗಸಿನ ಚಿತ್ರ. ಬೇರೆ ಮೈಬಣ್ಣದವರೂ ಇರುವ ಕಾರ್ಡು ಬಂದದ್ದು 1990ರ ದಶಕದಲ್ಲಿ. ಈಗ ಕಪ್ಪು ಕೆನ್ನೆಯ ಎಣ್ಣೆಹೊಳಪನ್ನೂ ಅದರೊಳಗಿನ ಕೆಂಪನ್ನೂ ಹಿಡಿಯಬಲ್ಲ ಸೆನ್ಸರುಗಳಿವೆ. ಅದನ್ನು ಸುಣ್ಣ ಬಳಿದಂತೆ ಮುಚ್ಚುವುದು ದೊಡ್ಡ ನಷ್ಟ. ಮುಖಕ್ಕೆ ಬೆಳಕು ಸಾಲದಿದ್ದರೆ ಹೊಳಪು ಏರಿಸಬೇಕು, ಬಣ್ಣ ಬದಲಿಸಬಾರದು. ಮನೆಯವರ ಕೋರಿಕೆಯೂ ಎಷ್ಟೋ ಸಲ ಅಷ್ಟಕ್ಕೇ ತೃಪ್ತವಾಗುತ್ತದೆ.

ತಿದ್ದಲಾಗದ ಸಂಗತಿಗಳೂ ಇವೆ. ಗಂಡಿನ ಕಪ್ಪು ಬಂದ್‌ಗಲಾ ಹ್ಯಾಲೊಜನ್ ಬೆಳಕಿನಲ್ಲಿ ಮರೂನ್ ಬಣ್ಣಕ್ಕೆ ತಿರುಗುವುದನ್ನು ಹಲವರು ಕಂಡಿರಬಹುದು. ಕೆಲವು ಸಿಂಥೆಟಿಕ್ ಕಪ್ಪು ಬಟ್ಟೆಗಳು ಕಣ್ಣಿಗೆ ಕಾಣದ ಅವಕೆಂಪು ಕಿರಣವನ್ನು ಹೀರದೆ ವಾಪಸು ಕಳಿಸುತ್ತವೆ, ಹ್ಯಾಲೊಜನ್ನಿನಲ್ಲಿ ಆ ಕಿರಣ ಧಾರಾಳ. ಕೆಲವು ಕ್ಯಾಮೆರಾಗಳ ಸೋಸು ಅದನ್ನು ಪೂರ್ತಿ ತಡೆಯುವುದಿಲ್ಲ. ಬಟ್ಟೆಗೆ ಮಾಸ್ಕ್ ಹಾಕಿ ತೀವ್ರತೆ ಇಳಿಸಿದರೆ ಕಪ್ಪು ಮರಳುತ್ತದೆ, ಇದು ಸುಲಭದ ಪೈಕಿ. ಹಾಸಿಗೆ ಒಂದು ಬಣ್ಣ, ಹೊಕ್ಕಿಗೆ ಇನ್ನೊಂದು ಬಣ್ಣದ ನೂಲು ಹಾಕಿ ನೇಯ್ದ ರೇಷ್ಮೆ ಮಾತ್ರ ನಿಂತ ಕೋನಕ್ಕೆ ತಕ್ಕಂತೆ ಬಣ್ಣ ಬದಲಿಸುತ್ತದೆ. ಆ ಸೀರೆ ಎರಡು ಚಿತ್ರದಲ್ಲಿ ಎರಡು ಬಣ್ಣ ಕಂಡರೆ ಅದು ಸೀರೆಯ ಗುಣ, ಮುಖ ಸರಿಯಿದ್ದರೆ ಹಾಗೇ ಬಿಡಬೇಕು. ಆರತಕ್ಷತೆಯ ವೇದಿಕೆಗೆ ಹಾಕುವ ಕಡುನೀಲಿ, ನೇರಳೆ ಎಲ್‌ಇಡಿಗಳ ಕಥೆ ಬೇರೆ. ಕಡುನೀಲಿ ದೀಪದಲ್ಲಿ ಕೆಂಪು ಎಂಬುದೇ ಇಲ್ಲ. ದೀಪದಲ್ಲಿ ಇಲ್ಲದ ಕೆಂಪು ಚರ್ಮದಿಂದ ವಾಪಸು ಬರುವುದಾದರೂ ಹೇಗೆ? ಯಾವ ಪಟ್ಟಿ ಎಳೆದರೂ ಆ ಮುಖಕ್ಕೆ ಚರ್ಮದ ಬಣ್ಣ ಬರುವುದಿಲ್ಲ, ಬೂದಿಯ ಬಣ್ಣ ಬರುತ್ತದೆ. ಅಂಥ ಚಿತ್ರಗಳನ್ನು ಅದೇ ನೀಲಿಯಲ್ಲಿ ಬಿಟ್ಟು ಅವಕ್ಕೇ ಒಂದು ಶೀಟು ಕೊಡುವುದು, ಅಥವಾ ಕಪ್ಪುಬಿಳುಪು ಮಾಡುವುದು. ಹೋಮದ ಚಿತ್ರಗಳು ಇದಕ್ಕೆ ವಿರುದ್ಧ. ಅಲ್ಲಿ ಕೆಂಪಿದೆ, ತಿದ್ದಲು ಬರುತ್ತದೆ, ಆದರೆ ಪೂರ್ತಿ ತಿದ್ದಬಾರದು. ಬೆಂಕಿಯ ಮುಂದೆ ಕೂತ ಮುಖ ಮರದಡಿ ನಿಂತ ಮುಖದ ಹಾಗೆ ಕಂಡರೆ ನೋಡುವವರ ಕಣ್ಣು ಒಪ್ಪುವುದಿಲ್ಲ. ಅರ್ಧದಾರಿ ತಂದು ನಿಲ್ಲಿಸುವುದೇ ವಾಡಿಕೆ.

ಎಡಿಟರನ ಕಣ್ಣೂ ಮೋಸ ಹೋಗುತ್ತದೆ. ಹಳದಿ ಚಿತ್ರಗಳನ್ನು ಕಾಲುಗಂಟೆ ನೋಡುತ್ತ ಕೂತರೆ ಆ ಹಳದಿಯೇ ಸಹಜವೆನಿಸುತ್ತದೆ. ಹಸಿರು ಬಾಳೆಎಲೆಯ ಮುಂದೆ ಇರುವ ಕೆನ್ನೆ ಕೆಂಪಾಗಿಯೂ, ಕೆಂಪು ಪರದೆಯ ಮುಂದೆ ಇರುವ ಅದೇ ಕೆನ್ನೆ ಸಪ್ಪೆಯಾಗಿಯೂ ಕಾಣುತ್ತದೆ. ಅಂಕಿ ಒಂದೇ ಇದ್ದರೂ ಹೀಗಾಗುತ್ತದೆ. ಇದಕ್ಕಾಗಿ ನಡುನಡುವೆ ಒಂದೊಂದೇ ಚಿತ್ರ ನೋಡುವುದನ್ನು ಬಿಟ್ಟು, ಗುಂಪಿನ ಎಲ್ಲವನ್ನೂ ಅಂಚೆಚೀಟಿಯಷ್ಟು ಚಿಕ್ಕದಾಗಿಸಿ ಒಟ್ಟಿಗೆ ಹರಡಿ ನೋಡಬೇಕು. ಸಾಲು ತಪ್ಪಿದ ಚಿತ್ರ ಆಗ ದೂರದಿಂದಲೇ ಎದ್ದು ಕಾಣುತ್ತದೆ. ಶೀಟುಗಳ ವಿನ್ಯಾಸ ಮುಗಿದ ಮೇಲೆ ಇನ್ನೊಂದು ಸಲ ನೋಡುವುದು ಅಷ್ಟೇ ಮುಖ್ಯ. ಯಾವ ಚಿತ್ರ ಯಾವುದರ ನೆರೆಗೆ ಬಂತೆಂಬುದು ಗೊತ್ತಾಗುವುದು ಆಗಲೇ. ಎರಡು ಗಂಟೆಯ ಅಂತರದ ಎರಡು ಚಿತ್ರ ಬೇರೆಬೇರೆ ಪುಟದಲ್ಲಿದ್ದರೆ ಸಣ್ಣ ವ್ಯತ್ಯಾಸವನ್ನು ಯಾರೂ ಕೇಳುವುದಿಲ್ಲ. ಒಂದೇ ಶೀಟಿನಲ್ಲಿದ್ದರೆ ಅದನ್ನು ಸರಿಮಾಡಲೇಬೇಕು.

ಇಷ್ಟೆಲ್ಲ ನೋಡುವ ಮಾನಿಟರೇ ನೀಲಿ ತೋರಿಸುತ್ತಿದ್ದರೆ ಮಾಡಿದ್ದೆಲ್ಲ ನೀರಿನಲ್ಲಿ ಹೋಮ. ಪರದೆಗೆ ಅಂಟಿಸಿ ಅಳೆಯುವ ಕ್ಯಾಲಿಬ್ರೇಟರಿನಿಂದ ತಿಂಗಳಿಗೊಮ್ಮೆಯಾದರೂ ಅದನ್ನು 6500 ಕೆಲ್ವಿನ್ನಿಗೆ, ಚದರ ಮೀಟರಿಗೆ 100ರಿಂದ 120 ಕ್ಯಾಂಡೆಲಾದಷ್ಟು ಹೊಳಪಿಗೆ ಹೊಂದಿಸಿಕೊಳ್ಳಬೇಕು. ಅಂಗಡಿಯಿಂದ ಬಂದ ಮಾನಿಟರಿನ ಹೊಳಪು ಇದಕ್ಕಿಂತ ಬಹಳ ಹೆಚ್ಚಿರುತ್ತದೆ. ಅದರಲ್ಲಿ ಸರಿಯಾಗಿ ಕಂಡ ಚಿತ್ರ ಕಾಗದದ ಮೇಲೆ ಕತ್ತಲಾಗಿ ಬರುತ್ತದೆ, ಲ್ಯಾಬಿನವರ ಜೊತೆಗಿನ ಜಗಳಗಳಲ್ಲಿ ಅರ್ಧಕ್ಕೆ ಮೂಲ ಇದೇ.

ಕೊನೆಯ ಪರೀಕ್ಷೆ ಕಾಗದದ್ದು. ಸಂಜೆಯ ಗಾಢ ಗುಲಾಬಿ ರೇಷ್ಮೆಯಂಥ ಬಣ್ಣ ಪರದೆಯಲ್ಲಿ ಇರುವಷ್ಟು ತೀವ್ರವಾಗಿ ಅಚ್ಚಿನಲ್ಲಿ ಬರಲಾರದು. ಮಿತಿ ಮೀರಿದ ಬಣ್ಣವನ್ನು ಯಂತ್ರ ತನಗೆ ತೋಚಿದಂತೆ ಚಪ್ಪಟೆ ಮಾಡುತ್ತದೆ, ಸೆರಗಿನ ಮಡಿಕೆಗಳು ಮಾಯವಾಗಿ ಸೀರೆ ಬಣ್ಣದ ರಟ್ಟಿನ ಹಾಗೆ ಕಾಣುತ್ತದೆ. ಲೈಟ್‌ರೂಮಿನ `Soft Proofing` ಗುರುತು ಹಾಕಿ, ಲ್ಯಾಬಿನವರು ಕೊಟ್ಟ ಪ್ರೊಫೈಲ್ ಆರಿಸಿದರೆ ಯಾವ ಜಾಗದಲ್ಲಿ ಹೀಗಾಗುತ್ತದೆಂದು ಮೊದಲೇ ಬಣ್ಣ ಬಳಿದು ತೋರಿಸುತ್ತದೆ. ಆ ಗುಲಾಬಿಯ ತೀವ್ರತೆಯನ್ನು ತುಸು ಇಳಿಸಿದರೆ ಮಡಿಕೆಗಳು ಮರಳುತ್ತವೆ. ಇಳಿಸಿದ ಅಳತೆಯನ್ನು ಆ ಸೀರೆಯಿರುವ ಎಲ್ಲ ಚಿತ್ರಕ್ಕೂ ಹಂಚಬೇಕು, ಮಡಿಕೆ ಕೆಟ್ಟ ಒಂದೆರಡಕ್ಕೆ ಮಾತ್ರ ಅಲ್ಲ. ಆಮೇಲೆ ಪೂರ್ತಿ ಆಲ್ಬಮ್ ಕಳಿಸುವ ಮುಂಚೆ, ಪ್ರತಿ ಬೆಳಕಿನ ಗುಂಪಿನಿಂದ ಒಂದೊಂದು ಮುಖ ತೆಗೆದು ಒಂದೇ ಹಾಳೆಯಲ್ಲಿ ಜೋಡಿಸಿ, ಅದೇ ಲ್ಯಾಬಿನಲ್ಲಿ, ಅದೇ ಕಾಗದದ ಮೇಲೆ ಒಂದು ಪ್ರಿಂಟ್ ಹಾಕಿಸಬೇಕು. ಅದನ್ನು ಕಿಟಕಿಯ ಪಕ್ಕ, ನೇರ ಬಿಸಿಲು ಬೀಳದ ಕಡೆ, ರವಿಕೆಯ ತುಂಡಿನ ಜೊತೆ ಹಿಡಿದು ನೋಡುವುದು. ಒಮ್ಮೆ ಮನೆಯ ಎಲ್‌ಇಡಿ ಬಲ್ಬಿನ ಕೆಳಗೂ ನೋಡುವುದು, ಯಾಕೆಂದರೆ ಅಚ್ಚಿನ ಬಣ್ಣವೂ ರೇಷ್ಮೆಗೆ ಹಾಕಿದ ಬಣ್ಣವೂ ಬೇರೆ ವಸ್ತುಗಳು, ಒಂದು ಬೆಳಕಿನಲ್ಲಿ ಹೊಂದಿದ್ದು ಇನ್ನೊಂದರಲ್ಲಿ ಹೊಂದದೇ ಇರಬಹುದು. ಮುಖಗಳು ಎರಡೂ ಬೆಳಕಿನಲ್ಲಿ ಒಂದಕ್ಕೊಂದು ಹೊಂದುತ್ತಿದ್ದರೆ, ರವಿಕೆಯ ತುಂಡು ಹಗಲ ಬೆಳಕಿನಲ್ಲಿ ಸರಿಬಂದರೆ, ಫೈಲುಗಳನ್ನು ಲ್ಯಾಬ್ ಕೇಳಿದ sRGB ರೂಪದಲ್ಲಿ ಕಳಿಸಬಹುದು.